1/(1+x²) ಎಲ್ಲೂ ಮುರಿಯದ ಫಂಕ್ಷನ್, ಆದರೂ ಅದರ ಘಾತ ಶ್ರೇಣಿ 1ರಲ್ಲಿ ನಿಲ್ಲುವುದೇಕೆ?

ಕಾರವಾರದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ನನಗೆ, ಘಾತ ಶ್ರೇಣಿಯ ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಅಂಕೋಲಾ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಅದನ್ನು ಕೇಳಿದ್ದಳು: "ಸರ್, 1/(1−x) ಆದ್ರೆ x = 1ರಲ್ಲಿ ಛೇದ ಸೊನ್ನೆ ಆಗ್ತದೆ, ಶ್ರೇಣಿ ಅಲ್ಲಿ ನಿಲ್ತದೆ ಅಂದ್ರೆ ಸರಿ. 1/(1+x²)ಗೆ 1ರಲ್ಲಿ ಎಂತದೂ ಆಗೂದಿಲ್ಲ. ಇದು ಎಂತಕ್ಕೆ ಅಲ್ಲೇ ನಿಲ್ಬೇಕು?" ನಾನು ಅನುಪಾತ ಪರೀಕ್ಷೆಯನ್ನು ಹಲಗೆಯ ಮೇಲೆ ಬರೆದು ತ್ರಿಜ್ಯ 1 ಎಂದು ತೋರಿಸಿದೆ. ಅವಳು ಒಪ್ಪಲಿಲ್ಲ, ಅದು ನಿಲ್ಲುತ್ತದೆ ಎನ್ನುವುದಕ್ಕೆ ಉತ್ತರವೇ ಹೊರತು ಏಕೆ ಎನ್ನುವುದಕ್ಕಲ್ಲ ಎಂದಳು. ಅವಳ ಮಾತು ಸರಿಯಾಗಿತ್ತು. ಹೆಚ್ಚಿನ ಪಠ್ಯಪುಸ್ತಕಗಳೂ ಅನುಪಾತ ಪರೀಕ್ಷೆಗೇ ತೃಪ್ತಿಪಟ್ಟು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ.

ಆ ಕಾರಣವನ್ನು ಓದುಗರು ತಾವೇ ಲೆಕ್ಕ ಮಾಡಿ, ಕೊನೆಗೆ ಕೈವಾರದಿಂದ ಅಳೆದು ನೋಡುವಂತೆ ಈ ಲೇಖನವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಗ್ರಾಫ್ ಹಾಳೆ, ಕೈವಾರ, ಸಾಧಾರಣ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಗುಣೋತ್ತರ ಶ್ರೇಣಿಯ ಮೊತ್ತ ಮತ್ತು ಸಮ್ಮಿಶ್ರ ಸಂಖ್ಯೆಯನ್ನು ಸಮತಲದ ಮೇಲೆ ಗುರುತಿಸುವ ಕ್ರಮ ಗೊತ್ತಿದೆಯೆಂದು ಭಾವಿಸಿದ್ದೇನೆ.

ಮೊದಲ ಹೆಜ್ಜೆ: ಶ್ರೇಣಿ ಕೆಡುವುದನ್ನು ಕಣ್ಣಾರೆ ನೋಡುವುದು

1/(1+x²) ಎನ್ನುವುದು ಮೊದಲ ಪದ 1, ಅನುಪಾತ −x² ಆಗಿರುವ ಗುಣೋತ್ತರ ಶ್ರೇಣಿಯ ಮೊತ್ತ. ಆದ್ದರಿಂದ ಶ್ರೇಣಿ ಹೀಗಿರುತ್ತದೆ:

1 − x² + x⁴ − x⁶ + x⁸ − …

ಈ ಫಂಕ್ಷನ್ನಿನಲ್ಲಿ ಒಂದು ಅನುಕೂಲವಿದೆ. ಮೊದಲ N ಪದಗಳನ್ನು ಕೂಡಿಸಿ ನಿಲ್ಲಿಸಿದರೆ ಎಷ್ಟು ತಪ್ಪು ಉಳಿಯುತ್ತದೆ ಎನ್ನುವುದನ್ನು ಅಂದಾಜು ಮಾಡಬೇಕಾಗಿಲ್ಲ, ನಿಖರವಾಗಿಯೇ ಬರೆಯಬಹುದು. ಗಾತ್ರದಲ್ಲಿ ಆ ತಪ್ಪು x²ನ N-ನೇ ಘಾತವನ್ನು 1+x²ರಿಂದ ಭಾಗಿಸಿದಷ್ಟು. ಛೇದದಲ್ಲಿರುವ 1+x² ಎಲ್ಲಿಯೂ ತೊಂದರೆ ಕೊಡುವುದಿಲ್ಲ. ಎಲ್ಲವೂ ಅಂಶದಲ್ಲಿರುವ ಘಾತದ ಮೇಲೆ ನಿಂತಿದೆ.

x = 0.9 ಇಟ್ಟು ನೋಡೋಣ. ನಿಜವಾದ ಬೆಲೆ 1/1.81, ಅಂದರೆ ಸುಮಾರು 0.5525. ಪದಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದರೆ 1, 0.19, 0.8461, 0.3147, 0.7451 ಎಂದು ಮೊತ್ತವು ಮೇಲೆ ಕೆಳಗೆ ಜೀಕುತ್ತದೆ, ಆದರೆ ಜೀಕು ಪ್ರತಿ ಸಲವೂ ಸ್ವಲ್ಪ ಸಣ್ಣದಾಗುತ್ತದೆ. 30 ಪದಗಳ ನಂತರ ತಪ್ಪು 0.001ಕ್ಕಿಂತ ಕಡಿಮೆಯಾಗುತ್ತದೆ. ಈಗ ಸ್ವಲ್ಪವೇ ಮುಂದೆ ಹೋಗಿ x = 1.1 ತೆಗೆದುಕೊಳ್ಳಿ. ನಿಜವಾದ ಬೆಲೆ 1/2.21, ಸುಮಾರು 0.4525, ವಕ್ರರೇಖೆ ಅಲ್ಲಿ ಯಾವ ತಕರಾರೂ ಇಲ್ಲದೆ ಇಳಿಯುತ್ತಿದೆ. ಆದರೆ ಮೊತ್ತಗಳು 1, −0.21, 1.2541, −0.5175, 1.6261 ಎಂದು ದೂರ ದೂರ ಹಾರುತ್ತವೆ, ಮತ್ತು ಅದೇ 30 ಪದಗಳ ನಂತರ ಮೊತ್ತವು ಸುಮಾರು −137ಕ್ಕೆ ಹೋಗಿ ನಿಂತಿರುತ್ತದೆ. ಸರಿಯಾಗಿ x = 1ರಲ್ಲಿ ಮೊತ್ತವು 1, 0, 1, 0 ಎಂದು ಕೊನೆಯಿಲ್ಲದೆ ತೂಗಾಡುತ್ತದೆ; ನಿಜವಾದ ಬೆಲೆ 0.5 ಅವೆರಡರ ನಟ್ಟನಡುವೆ ಇದ್ದರೂ ಶ್ರೇಣಿ ಅಲ್ಲಿಗೆ ಬರುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ತಪ್ಪು ಮಾಡುತ್ತಾರೆ. ಚಿಹ್ನೆಗಳು ಒಂದು ಬಿಟ್ಟು ಒಂದು ಬದಲಾಗುವುದರಿಂದ ಪರ್ಯಾಯ ಶ್ರೇಣಿಯ ನಿಯಮದ ಪ್ರಕಾರ ಅಭಿಸರಣವಾಗಬೇಕೆಂದು ವಾದಿಸುತ್ತಾರೆ. ಆ ನಿಯಮಕ್ಕೆ ಪದಗಳು ಸೊನ್ನೆಯತ್ತ ಇಳಿಯಬೇಕು ಎನ್ನುವ ಷರತ್ತಿದೆ; x = 1ರಲ್ಲಿ ಎಲ್ಲ ಪದಗಳ ಗಾತ್ರವೂ 1 ಆಗಿರುವುದರಿಂದ ನಿಯಮ ಅನ್ವಯಿಸುವುದಿಲ್ಲ.

ಎರಡನೆಯ ಹೆಜ್ಜೆ: ನಯವಾಗಿರುವುದು ಏಕೆ ಸಾಲದು

ಫಂಕ್ಷನ್ ನಯವಾಗಿದೆ ಎಂದರೆ ಪ್ರತಿ ಬಿಂದುವಿನಲ್ಲೂ ಎಷ್ಟು ಸಲ ಬೇಕಾದರೂ ಅದರ ಡಿರೈವೇಟಿವ್ ತೆಗೆಯಬಹುದು, ಪ್ರತಿಯೊಂದೂ ಸಾಂತ ಸಂಖ್ಯೆಯಾಗಿರುತ್ತದೆ ಎಂದಷ್ಟೇ ಅರ್ಥ. ಆ ಡಿರೈವೇಟಿವ್‌ಗಳು ಎಷ್ಟು ವೇಗವಾಗಿ ದೊಡ್ಡದಾಗುತ್ತವೆ ಎನ್ನುವುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಫಂಕ್ಷನ್ನಿಗೆ x = 0ಯಲ್ಲಿ ಎರಡನೆಯ ಡಿರೈವೇಟಿವ್ −2, ನಾಲ್ಕನೆಯದು 24, ಆರನೆಯದು −720, ಎಂಟನೆಯದು 40320; ಅಂದರೆ ಸಮ ಸಂಖ್ಯೆಯ ಪ್ರತಿ ಡಿರೈವೇಟಿವ್ ಕೂಡ ಗಾತ್ರದಲ್ಲಿ ಕ್ರಮಗುಣಿತವೇ ಆಗಿದೆ. ಟೇಲರ್ ಸೂತ್ರದಲ್ಲಿ ಅವುಗಳನ್ನು ಅದೇ ಕ್ರಮಗುಣಿತದಿಂದ ಭಾಗಿಸುವುದರಿಂದ ಸಹಗುಣಕಗಳು 1 ಮತ್ತು −1 ಆಗಿ ಉಳಿಯುತ್ತವೆ, ಇಳಿಯುವುದೇ ಇಲ್ಲ. ಇದಕ್ಕೆ ಹೋಲಿಸಿದರೆ eˣನ ಎಲ್ಲ ಡಿರೈವೇಟಿವ್‌ಗಳೂ ಸೊನ್ನೆಯಲ್ಲಿ 1 ಮಾತ್ರ. ಅಲ್ಲಿ ಭಾಗಾಕಾರವು ಸಹಗುಣಕಗಳನ್ನು ಪೂರ್ತಿ ಕರಗಿಸಿಬಿಡುತ್ತದೆ ಮತ್ತು ಶ್ರೇಣಿ ಎಲ್ಲೆಡೆಯೂ ಅಭಿಸರಿಸುತ್ತದೆ.

ಗ್ರಾಫ್‌ನಲ್ಲಿ ಈ ವ್ಯತ್ಯಾಸ ಕಾಣಿಸುವುದಿಲ್ಲ. ಎರಡೂ ಒಂದೇ ತರಹ ನುಣುಪಾಗಿ ಕಾಣುತ್ತವೆ. ಆದರೂ 1/(1+x²)ನ ಡಿರೈವೇಟಿವ್‌ಗಳು ಇಷ್ಟೊಂದು ಬೇಗ ಬೆಳೆಯುತ್ತಿವೆಯೆಂದರೆ ಹತ್ತಿರದಲ್ಲೆಲ್ಲೋ ಏನೋ ಇದೆ ಎಂದು ಅನುಮಾನ ಪಡಬೇಕು.

ಮೂರನೆಯ ಹೆಜ್ಜೆ: ರೇಖೆಯಿಂದ ಪಕ್ಕಕ್ಕೆ ಸರಿಯುವುದು

ಶ್ರೇಣಿಯಲ್ಲಿರುವುದು ಕೂಡಿಸುವುದು, ಗುಣಿಸುವುದು ಮಾತ್ರ. ಆದ್ದರಿಂದ xನ ಜಾಗದಲ್ಲಿ ಸಮ್ಮಿಶ್ರ ಸಂಖ್ಯೆ z ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ವಾಸ್ತವ ಅಕ್ಷವನ್ನು ಬಿಟ್ಟು ಕಾಲ್ಪನಿಕ ಅಕ್ಷದ ಮೇಲೆ ನಡೆಯೋಣ, ಅಂದರೆ z = iy ಎಂದಿಡೋಣ. ಆಗ z² = −y² ಆಗುತ್ತದೆ, ಫಂಕ್ಷನ್ 1/(1−y²) ಆಗುತ್ತದೆ, ಶ್ರೇಣಿ 1 + y² + y⁴ + y⁶ + … ಆಗುತ್ತದೆ. ಮೊದಲು ಒಂದನ್ನೊಂದು ಕಡಿದುಕೊಳ್ಳುತ್ತಿದ್ದ ಚಿಹ್ನೆಗಳು ಈಗ ಇಲ್ಲ. ಎಲ್ಲವೂ ಕೂಡುತ್ತಲೇ ಹೋಗುತ್ತವೆ. y = 0.9ರಲ್ಲಿ ಬೆಲೆ ಸುಮಾರು 5.26, y = 0.99ರಲ್ಲಿ ಸುಮಾರು 50.25, y = 0.999ರಲ್ಲಿ ಸುಮಾರು 500.25. z = iಯಲ್ಲಿ ಛೇದ ಸೊನ್ನೆಯಾಗುತ್ತದೆ; −iಯಲ್ಲೂ ಹಾಗೆಯೇ. ಸೊನ್ನೆಯಿಂದ ಈ ಎರಡೂ ಬಿಂದುಗಳಿಗಿರುವ ದೂರ 1.

ಕಾರವಾರದ ಸಮುದ್ರ ದಂಡೆಯಲ್ಲಿ ನಡೆಯುವವರಿಗೆ ಮರಳು ಎಲ್ಲೂ ತುಂಡಾಗಿಲ್ಲ. ಆದರೆ ದಡಕ್ಕೆ ತೀರ ದೂರವಲ್ಲದ ನೀರಿನೊಳಗೆ ಬಂಡೆಯಿರಬಹುದು, ಅದು ದೋಣಿಯವರಿಗೆ ಗೊತ್ತು, ದಂಡೆಯ ಮೇಲೆ ನಡೆಯುವವರಿಗೆ ಗೊತ್ತಿಲ್ಲ. ವಾಸ್ತವ ಅಕ್ಷ ನಮ್ಮ ದಂಡೆ. i ಮತ್ತು −i ಅದರ ಎರಡು ಪಕ್ಕದಲ್ಲಿರುವ ಬಂಡೆಗಳು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದಿಲ್ಲ, ಏಕೆಂದರೆ ದಂಡೆಯ ಮೇಲೆ ನಡೆಯುವವನಿಗೆ ನೀರಿನ ಬಂಡೆ ಏಕೆ ತಾಗಬೇಕು ಎನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವೇ ಮುಂದಿನ ಹೆಜ್ಜೆ.

ನಾಲ್ಕನೆಯ ಹೆಜ್ಜೆ: iಯ ತೊಂದರೆ 1.1ಕ್ಕೆ ಹೇಗೆ ತಟ್ಟುತ್ತದೆ

ಈ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಘಾತ ಶ್ರೇಣಿಯ ಒಂದು ಪದವನ್ನು ತೆಗೆದುಕೊಳ್ಳಿ: ಸಹಗುಣಕ ಗುಣಿಸು zನ ಘಾತ. ಅದರ ಗಾತ್ರವು z ಯಾವ ದಿಕ್ಕಿನಲ್ಲಿದೆ ಎನ್ನುವುದನ್ನು ನೋಡುವುದೇ ಇಲ್ಲ, ಸೊನ್ನೆಯಿಂದ ಎಷ್ಟು ದೂರದಲ್ಲಿದೆ ಎನ್ನುವುದನ್ನು ಮಾತ್ರ ನೋಡುತ್ತದೆ. 0.9ರಲ್ಲಿ ಪದಗಳ ಗಾತ್ರಗಳು ಎಷ್ಟೋ, 0.9iಯಲ್ಲೂ ಅಷ್ಟೇ. ಬದಲಾಗುವುದು ಅವು ಪರಸ್ಪರ ಕಡಿದುಕೊಳ್ಳುತ್ತವೆಯೋ ಇಲ್ಲವೋ ಎನ್ನುವುದು ಮಾತ್ರ.

ಈಗ ಸೊನ್ನೆಯನ್ನು ಕೇಂದ್ರವಾಗಿಟ್ಟುಕೊಂಡ ನಮ್ಮ ಶ್ರೇಣಿ x = 1.1ರಲ್ಲಿ ಅಭಿಸರಿಸುತ್ತದೆ ಎಂದು ಒಂದು ಕ್ಷಣ ಒಪ್ಪಿಕೊಳ್ಳೋಣ. ಅಭಿಸರಿಸುವ ಶ್ರೇಣಿಯ ಪದಗಳು ಸೊನ್ನೆಯತ್ತ ಇಳಿಯಬೇಕು, ಆದ್ದರಿಂದ ಅವೆಲ್ಲವೂ ಯಾವುದೋ ಒಂದು ಮಿತಿ Mಗಿಂತ ಕೆಳಗಿರುತ್ತವೆ. ಇನ್ನು ಸೊನ್ನೆಯಿಂದ 1.05 ದೂರದೊಳಗೆ, ಯಾವ ದಿಕ್ಕಿನಲ್ಲಾದರೂ ಸರಿ, ಒಂದು z ತೆಗೆದುಕೊಳ್ಳಿ. ಅಲ್ಲಿನ n-ನೇ ಘಾತದ ಪದವು 1.1ರಲ್ಲಿದ್ದ ಅದೇ ಪದಕ್ಕಿಂತ ಕನಿಷ್ಠ ಪಕ್ಷ (1.05/1.1)ರ n-ನೇ ಘಾತದಷ್ಟು ಕುಗ್ಗಿರುತ್ತದೆ. ಅಂದರೆ ಪದಗಳ ಗಾತ್ರಗಳು M ಗುಣಿಸಿದ, 1ಕ್ಕಿಂತ ಕಡಿಮೆ ಅನುಪಾತದ ಒಂದು ಗುಣೋತ್ತರ ಶ್ರೇಣಿಯ ಕೆಳಗೆ ಅಡಗಿವೆ. ಆ ಶ್ರೇಣಿಯ ಮೊತ್ತ ಸಾಂತ. ಆದ್ದರಿಂದ ನಮ್ಮ ಶ್ರೇಣಿಯ ಬೆಲೆಯೂ 1.05 ತ್ರಿಜ್ಯದ ವೃತ್ತದೊಳಗೆ ಎಲ್ಲಿಯೂ ಒಂದು ನಿಗದಿತ ಎತ್ತರವನ್ನು ಮೀರುವಂತಿಲ್ಲ.

ಆದರೆ i ಆ ವೃತ್ತದೊಳಗೇ ಇದೆ. ಸೊನ್ನೆಯಿಂದ iಯ ಕಡೆಗೆ ನಡೆದರೆ ಶ್ರೇಣಿಯ ಬೆಲೆ 5, 50, 500 ಎಂದು ಮಿತಿಯಿಲ್ಲದೆ ಏರುವುದನ್ನು ಮೇಲೆ ನೋಡಿದೆವು. ಎರಡೂ ಒಟ್ಟಿಗೆ ನಿಜವಾಗಲಾರವು, ಆದ್ದರಿಂದ 1.1ರಲ್ಲಿ ಅಭಿಸರಣ ಸಾಧ್ಯವಿಲ್ಲ. 1.1ರ ಬದಲು 1.001 ಇಟ್ಟರೂ ವಾದ ಇದೇ, 1.05ರ ಜಾಗದಲ್ಲಿ 1 ಮತ್ತು 1.001ರ ನಡುವಿನ ಯಾವುದಾದರೂ ಸಂಖ್ಯೆ ಬರುತ್ತದೆ ಅಷ್ಟೇ.

ವಾದದ ಮರ್ಮ ಇಲ್ಲಿದೆ: ಘಾತ ಶ್ರೇಣಿಗೆ ಒಂದು ದಿಕ್ಕಿನಲ್ಲಿ ಮಾತ್ರ ದೂರ ಹೋಗುವ ಸ್ವಾತಂತ್ರ್ಯವಿಲ್ಲ. ಬಲಕ್ಕೆ 1.1ರವರೆಗೆ ಹೋದರೆ ಮೇಲಕ್ಕೂ ಕೆಳಕ್ಕೂ ಎಡಕ್ಕೂ ಬಹುತೇಕ ಅಷ್ಟೇ ದೂರ ಹೋಗಲೇಬೇಕಾಗುತ್ತದೆ. ಮೇಲ್ಗಡೆ 1ರಲ್ಲಿ ಗೋಡೆಯಿರುವುದರಿಂದ ಬಲಗಡೆಯೂ 1ರಲ್ಲೇ ನಿಲ್ಲುತ್ತದೆ.

ಐದನೆಯ ಹೆಜ್ಜೆ: ಕೈವಾರದಿಂದ ಅಳೆಯುವುದು

ಕಾರಣ ಇದೇ ಆಗಿದ್ದರೆ ಒಂದು ಪರೀಕ್ಷೆ ಸಾಧ್ಯ. ಶ್ರೇಣಿಯ ಕೇಂದ್ರವನ್ನು ಸೊನ್ನೆಯಿಂದ ಬೇರೆ ಬಿಂದುವಿಗೆ ಸರಿಸಿದರೆ ತ್ರಿಜ್ಯವು ಹೊಸ ಕೇಂದ್ರದಿಂದ iಗೆ ಇರುವ ದೂರಕ್ಕೆ ಬದಲಾಗಬೇಕು.

ಗ್ರಾಫ್ ಹಾಳೆಯಲ್ಲಿ 4 ಸೆಂ.ಮೀ. ಅನ್ನು 1 ಎಂದು ಇಟ್ಟುಕೊಳ್ಳಿ. ಮೂಲಬಿಂದುವಿನಿಂದ ನೇರ ಮೇಲೆ 4 ಸೆಂ.ಮೀ. ದೂರದಲ್ಲಿ i, ಕೆಳಗೆ ಅಷ್ಟೇ ದೂರದಲ್ಲಿ −i ಗುರುತಿಸಿ. ಈಗ ಬಲಕ್ಕೆ 3 ಸೆಂ.ಮೀ. ದೂರದಲ್ಲಿ, ಅಂದರೆ x = 0.75ರಲ್ಲಿ ಕೈವಾರದ ಮುಳ್ಳನ್ನು ಊರಿ, ಪೆನ್ಸಿಲ್ಲನ್ನು iಗೆ ತಾಗಿಸಿ ವೃತ್ತ ಎಳೆಯಿರಿ. 3, 4, 5ರ ಪರಿಚಿತ ಲಂಬಕೋನ ತ್ರಿಭುಜವೇ ಬರುವುದರಿಂದ ತ್ರಿಜ್ಯ 5 ಸೆಂ.ಮೀ. ಆಗುತ್ತದೆ, ಅಂದರೆ 1.25. ವೃತ್ತವು ವಾಸ್ತವ ಅಕ್ಷವನ್ನು −0.5 ಮತ್ತು 2ರಲ್ಲಿ ಕಡಿಯುತ್ತದೆ. 0.75ನ್ನು ಕೇಂದ್ರವಾಗಿಟ್ಟು ಬರೆದ ಶ್ರೇಣಿಯು ಆ ಎರಡರ ನಡುವೆ ಅಭಿಸರಿಸಿ ಆಚೆಗೆ ಅಪಸರಿಸುತ್ತದೆ. ಕೇಂದ್ರ ಬಲಕ್ಕೆ ಸರಿದಷ್ಟೂ ವೃತ್ತ ದೊಡ್ಡದಾಗುವುದನ್ನು ಹಾಳೆಯಲ್ಲೇ ನೋಡಬಹುದು. ಕೇಂದ್ರ a ಆದರೆ ತ್ರಿಜ್ಯ 1+a²ನ ವರ್ಗಮೂಲ. ಎಲ್ಲ ವೃತ್ತಗಳೂ i ಮತ್ತು −iಯ ಮೂಲಕವೇ ಹಾದುಹೋಗುತ್ತವೆ. ವಾಸ್ತವ ಅಕ್ಷವನ್ನಷ್ಟೇ ನೋಡುವವರಿಗೆ ಕೇಂದ್ರ ಸರಿದಂತೆ ತ್ರಿಜ್ಯ ಏಕೆ ಹೀಗೆ ಬದಲಾಗುತ್ತದೆ ಎಂದು ಊಹಿಸುವುದೂ ಕಷ್ಟ.

ಆರನೆಯ ಹೆಜ್ಜೆ: ಸಹಗುಣಕಗಳಿಂದ ತಾಳೆ ನೋಡುವುದು

ಕೈವಾರದ ಮಾತನ್ನು ಬರಿಯ ಅಂಕಗಣಿತದಿಂದ ಪರೀಕ್ಷಿಸೋಣ. ಕೇಂದ್ರ x = 1 ಇರಲಿ; ಚಿತ್ರದ ಪ್ರಕಾರ ತ್ರಿಜ್ಯ √2, ಸುಮಾರು 1.414 ಆಗಬೇಕು. x = 1+h ಎಂದಿಟ್ಟರೆ ಛೇದವು 2 + 2h + h² ಆಗುತ್ತದೆ. ಶ್ರೇಣಿಯನ್ನು c₀ + c₁h + c₂h² + … ಎಂದು ಬರೆದು ಛೇದದಿಂದ ಗುಣಿಸಿದರೆ ಉತ್ತರ 1 ಬರಬೇಕು. hನ ಒಂದೊಂದು ಘಾತವನ್ನೂ ಹೋಲಿಸಿದಾಗ 2c₀ = 1, 2c₁ + 2c₀ = 0, ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ 2cₙ + 2cₙ₋₁ + cₙ₋₂ = 0 ಸಿಗುತ್ತದೆ. ಇಲ್ಲಿ ಡಿರೈವೇಟಿವ್ ತೆಗೆಯುವ ಗೋಜಿಗೆ ಹೋಗಬೇಡಿ. ಮೂರನೆಯದಕ್ಕೇ ಹಾಳೆ ತುಂಬುತ್ತದೆ, ತಪ್ಪೂ ನುಸುಳುತ್ತದೆ.

ಲೆಕ್ಕ ಹಾಕುತ್ತ ಹೋದರೆ ಸಹಗುಣಕಗಳು ಹೀಗೆ ಬರುತ್ತವೆ:

1/2, −1/2, 1/4, 0, −1/8, 1/8, −1/16, 0, 1/32, …

ಮೊದಲ ನಾಲ್ಕನ್ನು −1/4ರಿಂದ ಗುಣಿಸಿದರೆ ಮುಂದಿನ ನಾಲ್ಕು ಸಿಗುತ್ತವೆ, ಮತ್ತೆ ಗುಣಿಸಿದರೆ ಅದರ ಮುಂದಿನ ನಾಲ್ಕು. ನಾಲ್ಕು ಹೆಜ್ಜೆಗೊಮ್ಮೆ ಸಹಗುಣಕವು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ, hನ ನಾಲ್ಕನೆಯ ಘಾತ 4ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಪದಗಳು ಸೊನ್ನೆಯತ್ತ ಹೋಗುತ್ತವೆ. 4ರ ನಾಲ್ಕನೆಯ ಮೂಲ √2. ಕೈವಾರ ಹೇಳಿದ್ದೂ ಅದನ್ನೇ.

ಆ −1/4 ಎಲ್ಲಿಂದ ಬಂತು ಎನ್ನುವುದನ್ನು ಗಮನಿಸಿದರೆ ಬಂಡೆಯ ಗುರುತು ಸಹಗುಣಕಗಳಲ್ಲೇ ಕಾಣುತ್ತದೆ. 1/(1+z²)ನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆದರೆ ಒಂದು ತುಂಡಿನ ಛೇದ z−i, ಇನ್ನೊಂದರದ್ದು z+i. ಮೊದಲ ತುಂಡನ್ನು 1ನ್ನು ಕೇಂದ್ರವಾಗಿಟ್ಟು ಬಿಡಿಸಿದರೆ ಬರುವುದು ಅನುಪಾತ h/(i−1) ಆಗಿರುವ ಗುಣೋತ್ತರ ಶ್ರೇಣಿ. i−1 ಎನ್ನುವುದು ಕೇಂದ್ರದಿಂದ iಗೆ ಎಳೆದ ಗೆರೆ. ಅದರ ವರ್ಗ −2i, ನಾಲ್ಕನೆಯ ಘಾತ −4. ಎರಡನೆಯ ತುಂಡಿನಲ್ಲಿ ಬರುವ −i−1ರ ನಾಲ್ಕನೆಯ ಘಾತವೂ −4. ಹೀಗಾಗಿ ವಾಸ್ತವ ಸಂಖ್ಯೆಗಳನ್ನಷ್ಟೇ ಬಳಸಿ ಹಾಕಿದ ಲೆಕ್ಕದಲ್ಲೂ iಯ ದೂರ ಮತ್ತು ದಿಕ್ಕು ಎರಡೂ ಅಡಗಿ ಕುಳಿತಿವೆ.

ಮೊದಲು ಸೋತಿದ್ದ x = 1.1ಕ್ಕೆ ಈಗ ಹಿಂತಿರುಗೋಣ. ಹೊಸ ಶ್ರೇಣಿಯಲ್ಲಿ h = 0.1. ಲೆಕ್ಕ 0.5 − 0.05 + 0.0025 − 0.0000125 + 0.00000125 ಎಂದು ಸಾಗಿ 0.45248875 ಸಿಗುತ್ತದೆ. 1/2.21ರ ಬೆಲೆ 0.45248869. ಸೊನ್ನೆಯಿಂದ ಹೊರಟಾಗ 30 ಪದಗಳಲ್ಲಿ −137ಕ್ಕೆ ಹಾರಿದ್ದ ಜಾಗದಲ್ಲಿ, ಕೇಂದ್ರ ಬದಲಿಸಿದ ಮೇಲೆ ಐದೇ ಪದಗಳಲ್ಲಿ ಏಳು ದಶಮಾಂಶ ಸ್ಥಾನಗಳವರೆಗೆ ಒಂದೇ ಅಂಕಿಯ ವ್ಯತ್ಯಾಸ ಉಳಿಯಿತು. 1.1ರಲ್ಲಿ ಫಂಕ್ಷನ್ನಿಗೆ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ನಾವು ನಿಂತ ಜಾಗದಲ್ಲಿ.

ಅಂಚಿನ ಹತ್ತಿರ ಕೆಲಸ ಮಾಡುವಾಗ

ತ್ರಿಜ್ಯದ ಒಳಗಿದ್ದೇವೆ ಎಂದಮಾತ್ರಕ್ಕೆ ಶ್ರೇಣಿ ಉಪಯೋಗಕ್ಕೆ ಬರುತ್ತದೆ ಎಂದಲ್ಲ. ನಮ್ಮ ಶ್ರೇಣಿಯನ್ನು ಪದಪದವಾಗಿ ಸಮಾಕಲನ ಮಾಡಿದರೆ tan⁻¹xನ ಶ್ರೇಣಿ x − x³/3 + x⁵/5 − … ಸಿಗುತ್ತದೆ. ಸಮಾಕಲನದಿಂದ ತ್ರಿಜ್ಯ ಬದಲಾಗುವುದಿಲ್ಲ, ಅದು 1 ಆಗಿಯೇ ಉಳಿಯುತ್ತದೆ; ಆದರೆ ಪದಗಳು ಸ್ವಲ್ಪ ಕುಗ್ಗುವುದರಿಂದ ಸರಿಯಾಗಿ x = 1ರಲ್ಲಿ ಈ ಶ್ರೇಣಿ ಹೇಗೋ ಅಭಿಸರಿಸಿ π/4 ಕೊಡುತ್ತದೆ. ಹೇಗೋ ಎಂದೆ, ಏಕೆಂದರೆ ಅದರಿಂದ πನ ಬೆಲೆ ತೆಗೆಯಹೊರಟರೆ 1000 ಪದಗಳ ನಂತರವೂ ಸುಮಾರು 0.001ರಷ್ಟು ತಪ್ಪು ಉಳಿದಿರುತ್ತದೆ.

14ನೇ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆಯವರಿಗೆ ಈ ಶ್ರೇಣಿ ಗೊತ್ತಿತ್ತು, ಮತ್ತು ಅವರು ಅಂಚಿನಲ್ಲಿ ನಿಲ್ಲದೆ ಒಳಗೆ ಬಂದು x = 1/√3 ಇಟ್ಟರು. ಅಲ್ಲಿ x² = 1/3 ಆಗುವುದರಿಂದ ಪ್ರತಿ ಪದವೂ ಹಿಂದಿನದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗುತ್ತದೆ; tan⁻¹(1/√3) = π/6 ಆಗಿರುವುದರಿಂದ 21 ಪದಗಳನ್ನು ಕೂಡಿಸಿ 6ರಿಂದ ಗುಣಿಸಿದರೆ 3.14159265359 ಸಿಗುತ್ತದೆ. ಬೆಲೆ ಬೇಕಾದ ಬಿಂದುವು ಅಂಚಿಗೆ ಹತ್ತಿರವಾಗಿದ್ದರೆ ಹೀಗೆ ಬಿಂದುವನ್ನು ಒಳಗೆ ತರಬೇಕು, ಇಲ್ಲವೇ ಆರನೆಯ ಹೆಜ್ಜೆಯಂತೆ ಕೇಂದ್ರವನ್ನು ಬಿಂದುವಿನ ಹತ್ತಿರಕ್ಕೆ ಒಯ್ಯಬೇಕು.

ಈ ಕ್ರಮ ಎಲ್ಲಿಯವರೆಗೆ ನಡೆಯುತ್ತದೆ

ಛೇದದ ಸೊನ್ನೆಗಳನ್ನು ಹುಡುಕಿ ಹತ್ತಿರದ್ದಕ್ಕೆ ದೂರ ಅಳೆಯುವ ಈ ಕ್ರಮವು ಬಹುಪದಗಳ ಭಾಗಲಬ್ಧವಾಗಿರುವ ಯಾವ ಫಂಕ್ಷನ್ನಿಗೂ ಹೊಂದುತ್ತದೆ. 1/(x² − 2x + 5) ಕೊಟ್ಟರೆ ಛೇದದ ಸೊನ್ನೆಗಳು 1+2i ಮತ್ತು 1−2i; ಸೊನ್ನೆಯನ್ನು ಕೇಂದ್ರವಾಗಿಟ್ಟರೆ ತ್ರಿಜ್ಯ √5. ಅಂಶ ಮತ್ತು ಛೇದದಲ್ಲಿ ಸಮಾನ ಅಪವರ್ತನವಿದ್ದರೆ ಅದನ್ನು ಮೊದಲು ಹೊಡೆದುಹಾಕಬೇಕು, ಇಲ್ಲದಿದ್ದರೆ ಇಲ್ಲದ ಬಂಡೆಗೆ ಹೆದರಿದಂತಾಗುತ್ತದೆ.

ನಿಯಮ ಕೈಕೊಡುವ ಒಂದು ಪ್ರಸಿದ್ಧ ಜಾಗವೂ ಇದೆ. x ಸೊನ್ನೆಯಾದಾಗ 0, ಉಳಿದೆಡೆ eಯ −1/x² ಘಾತ ಎಂಬ ಫಂಕ್ಷನ್ ಕೂಡ ವಾಸ್ತವ ಅಕ್ಷದ ಮೇಲೆ ಎಲ್ಲೆಡೆ ನಯವಾಗಿದೆ. ಸೊನ್ನೆಯಲ್ಲಿ ಅದರ ಎಲ್ಲ ಡಿರೈವೇಟಿವ್‌ಗಳೂ ಸೊನ್ನೆ, ಆದ್ದರಿಂದ ಅದರ ಟೇಲರ್ ಶ್ರೇಣಿ ಎಲ್ಲೆಡೆಯೂ ಅಭಿಸರಿಸುತ್ತದೆ, ಆದರೆ ಸೊನ್ನೆಗೆ! ಮೂಲಬಿಂದುವನ್ನು ಬಿಟ್ಟರೆ ಒಂದೇ ಒಂದು ಕಡೆಯೂ ಫಂಕ್ಷನ್ನಿನ ಬೆಲೆಯನ್ನು ಕೊಡುವುದಿಲ್ಲ. ಇಲ್ಲಿಯೂ ಮೂರನೆಯ ಹೆಜ್ಜೆಯನ್ನೇ ಹಾಕಿ z = iy ಇಡಿ: ಘಾತವು +1/y² ಆಗಿಬಿಡುತ್ತದೆ, y ಸೊನ್ನೆಗೆ ಹತ್ತಿರವಾದಂತೆ ಬೆಲೆ ಮಿತಿಮೀರಿ ಏರುತ್ತದೆ. ಈ ಫಂಕ್ಷನ್ನಿನ ಬಂಡೆ ಪಕ್ಕದಲ್ಲೆಲ್ಲೂ ಇಲ್ಲ, ಕೈವಾರದ ಮುಳ್ಳು ಊರಬೇಕಾದ ಜಾಗದಲ್ಲೇ ಇದೆ.